‘ಬೇಕು’ ಎಂದದ್ದೆಲ್ಲ ಕೆಲಸವಲ್ಲ

ತೋಟ ಸುತ್ತುತ್ತಾ ಮೊಬೈಲಿಗೆ ಹೇಳಿಕೊಂಡ ಮಾತನ್ನು ಅಕ್ಷರಕ್ಕೆ ಇಳಿಸಿದರೆ ಕೈಗೆ ಸಿಗುವುದು ಪಟ್ಟಿಯಲ್ಲ, ಪೂರ್ಣವಿರಾಮವಿಲ್ಲದ ಒಂದು ಉದ್ದನೆಯ ಪ್ಯಾರಾ. ಮಾಡಬೇಕಾದದ್ದು, ಯಾರನ್ನೋ ಕೇಳಬೇಕಾದದ್ದು, ಮರೆಯಬಾರದ್ದು, ನಡೆಯುವಾಗ ಸುಮ್ಮನೆ ಹೊಳೆದದ್ದು ಎಲ್ಲವೂ ಒಂದೇ ಉಸಿರಿನಲ್ಲಿ ಬಂದಿರುತ್ತವೆ. ಗೂಗಲ್ 2017ರಲ್ಲಿ ತನ್ನ ವಾಯ್ಸ್ ಟೈಪಿಂಗಿಗೆ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿದ ಮೇಲೆ ಇಂಥ ಪ್ಯಾರಾಗಳು ನಮ್ಮ ಫೋನುಗಳಲ್ಲಿ ಬೇಕಾದಷ್ಟು ತುಂಬಿಕೊಂಡಿವೆ. ಮಾತಾಡುವುದು ಸುಲಭವಾಯಿತು, ಅಕ್ಷರಕ್ಕೆ ಇಳಿಯುವುದೂ ಸುಲಭವಾಯಿತು. ಆಮೇಲಿನ ಕೆಲಸ ಮಾತ್ರ ಅಷ್ಟು ಸುಲಭವಾಗಲಿಲ್ಲ. ಅದನ್ನು ಸರಿಯಾಗಿ ಮಾಡುವವರು ಕಡಿಮೆ.

ಹೆಚ್ಚಿನವರು ಇದನ್ನು ವಿಷಯವಾರು ವಿಂಗಡಿಸುತ್ತಾರೆ: ತೋಟದ್ದು ಒಂದು ಕಡೆ, ಮನೆಯದ್ದು ಒಂದು ಕಡೆ, ಆಸ್ಪತ್ರೆಯದ್ದು ಇನ್ನೊಂದು ಕಡೆ. ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಬಳಕೆಗೆ ಬರುವುದಿಲ್ಲ. ‘ತೋಟ’ ಎಂಬ ತಲೆಬರಹದ ಕೆಳಗೆ ಇವತ್ತು ಸಂಜೆ ಮಾಡಬೇಕಾದ ಫೋನೂ, ಮೂರು ವರ್ಷದ ಮೇಲೆ ಮಾಡಬಹುದಾದ ಯೋಚನೆಯೂ ಪಕ್ಕಪಕ್ಕದಲ್ಲೇ ಕೂತಿರುತ್ತವೆ. ಓದಿದವನಿಗೆ ಎಲ್ಲಿ ಕೈ ಹಾಕಬೇಕೆಂದು ತಿಳಿಯುವುದಿಲ್ಲ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವಾಗ ಯಾವ ಮರದ್ದೆಂದು ಯಾರೂ ಕೇಳುವುದಿಲ್ಲ, ಕಾಯಿ ಏನಾಗಿದೆ ಎಂದಷ್ಟೇ ನೋಡುತ್ತಾರೆ. ಮಾತಿನ ತುಣುಕನ್ನೂ ಹಾಗೆಯೇ ನೋಡಬೇಕು. ಅದು ಯಾವುದರ ಬಗ್ಗೆ ಎಂಬುದು ಆಮೇಲಿನ ಮಾತು. ಅದು ನಾಳೆ ನನ್ನಿಂದ ಏನನ್ನು ಬೇಡುತ್ತದೆ ಎಂಬುದು ಮೊದಲಿನದು.

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇರುವ ನಮ್ಮ ಭಾವನ ಒಂದು ಧ್ವನಿ ಟಿಪ್ಪಣಿಯನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ ತೋಟಕ್ಕೆ ಇಳಿದಾಗ ಕಂಡದ್ದನ್ನೆಲ್ಲ ಫೋನಿಗೆ ಹೇಳಿಕೊಳ್ಳುವುದು ಅವರ ರೂಢಿ. ಇದು 2025ರ ಮೇ 15, ಗುರುವಾರದ್ದು. ಯಂತ್ರ ಬರೆದುಕೊಟ್ಟದ್ದು ಹೀಗಿತ್ತು:

“ಹಾಂ ಈಗ ಕೆಳಗಿನ ತೋಟಕ್ಕೆ ಬಂದೆ ಇಲ್ಲಿ ಬಸಿಗಾಲುವೆ ಪೂರ್ತಿ ಮುಚ್ಚಿ ಹೋಗಿದೆ ಅದನ್ನ ಬಿಡಿಸ್ಬೇಕು ಮಳೆ ಹಿಡಿಯೋದ್ರೊಳಗೆ ಅಪ್ಪ ಇದ್ದಾಗ ಈ ನೀರು ಹಳ್ಳದ ಕಡೆಗೆ ಹೋಗ್ತಿತ್ತು ಈಗ ಎತ್ತ ಹೋಗುತ್ತೋ ಆಮೇಲೆ ಕೊಳೆ ಔಷಧಿ ಹೊಡೆಸ್ಬೇಕು ಕೊನೆಗಾರನಿಗೆ ಹೇಳಿದ್ದೆ ಬರ್ತೀನಿ ಅಂದಿದ್ದ ಯಾವತ್ತು ಅಂತ ಹೇಳ್ಲಿಲ್ಲ ಮೈಲುತುತ್ತು ಇಪ್ಪತ್ತು ಕೇಜಿ ಸಾಕು ಅಲ್ಲ ಅಲ್ಲ ಈ ಸಲ ಮೇಲಿನ ತೋಟನೂ ಸೇರುತ್ತೆ ಇಪ್ಪತ್ತು ಐದು ಬೇಕು ನಾಳೆನೂ ಬೇಕು ಸೊಸೈಟಿಗೆ ಬಂದಿದೆ ಸುಣ್ಣ ಮನೇಲಿದೆ ಹೋದ ವರ್ಷದ್ದು ಅದು ನಡೆಯುತ್ತೋ ಇಲ್ವೋ ಈ ಮೂಲೆ ಮರಕ್ಕೆ ಪ್ರತಿ ವರ್ಷ ಕೊಳೆ ಬರುತ್ತೆ ಇಲ್ಲಿ ಅಡಿಕೆ ತೆಗೆದು ಬೇರೆ ಏನಾದ್ರೂ ಹಾಕ್ಬೇಕು ಜಾಯಿಕಾಯಿ ಹಾಕಿದ್ರೆ ಹೇಗೆ ನೋಡೋಣ ಮೊದಲ ಮಳೆ ಬಿದ್ದ ದಿನ ಇಲ್ಲಿ ಬಂದು ನೀರು ಎಲ್ಲಿ ನಿಲ್ಲುತ್ತೆ ಅಂತ ನೋಡ್ಬೇಕು ಹಾಂ ಔಷಧಿ ಆಗಿ ನಲವತ್ತು ದಿವ್ಸಕ್ಕೆ ಎರಡನೇದು ಮರೀಬಾರ್ದು ಸೋಮವಾರ ಅಮ್ಮನ ಕಣ್ಣು ತೋರಿಸ್ಬೇಕು ಹಳೇ ಚೀಟಿ ತಗೊಂಡು ಹೋಗ್ಬೇಕು ಹೋದ್ಸಲ ಬಿಟ್ಟು ಹೋಗಿ ಬೈಸ್ಕೊಂಡ್ವಿ”

ಲೇಬಲ್ ಹಚ್ಚುವ ಮೊದಲು ಇದನ್ನು ತುಂಡು ಮಾಡಿಕೊಳ್ಳಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಕತ್ತರಿಸುವ ಜಾಗ ಸಾಮಾನ್ಯವಾಗಿ ಅದರ ನಂತರವೇ ಇರುತ್ತದೆ: ಹೋಗಿದೆ, ಬಿಡಿಸ್ಬೇಕು, ಹೇಳ್ಲಿಲ್ಲ, ಸಾಕು. ಅಲ್ಲಲ್ಲಿ ಮಾತಾಡುವವರೇ ಗುರುತು ಬಿಟ್ಟಿರುತ್ತಾರೆ. ‘ಆಮೇಲೆ’, ‘ಮತ್ತೆ’, ‘ಅಂದ ಹಾಗೆ’, ‘ಹಾಂ’ ಎಂಬವು ಮಾತಿನಲ್ಲಿ ಅರ್ಥವಿಲ್ಲದ ಸದ್ದಿನಂತೆ ಕಂಡರೂ ಬರಹದಲ್ಲಿ ಅವು ಬೇಲಿಯೇ ಸರಿ. ಭಾವ ಎರಡನೇ ಸಲ ‘ಹಾಂ’ ಎಂದ ಕಡೆ ಮಾತು ಮೂಲೆಯ ಯೋಚನೆಯಿಂದ ಔಷಧಿಯ ಕಡೆಗೆ ಹೊರಳಿದೆ, ಗಮನಿಸಿ. ಇಂಥ ಪದಗಳನ್ನು ಮೊದಲೇ ಅಳಿಸಿ ಪಠ್ಯ ಶುದ್ಧ ಮಾಡುವವರು ತಮಗೆ ಬೇಕಾದ ಗುರುತನ್ನೇ ಅಳಿಸಿಕೊಳ್ಳುತ್ತಾರೆ. ತುಂಡು ಮಾಡಿ ಮುಗಿದ ಮೇಲೆ ಅಳಿಸಿದರೆ ಸಾಕು.

ತುಂಡು ಮಾಡುವಾಗಲೇ ಆಗಬೇಕಾದ ಇನ್ನೊಂದು ಕೆಲಸ ಇದೆ. ಮಾತಿನಲ್ಲಿ ನಾವು ಕರ್ತೃವನ್ನು ಬಿಡುತ್ತೇವೆ, ‘ಅದು’ ‘ಇಲ್ಲಿ’ ಎಂದು ಬೆರಳು ತೋರಿಸುತ್ತೇವೆ. “ಅದು ನಡೆಯುತ್ತೋ ಇಲ್ವೋ” ಎಂಬುದನ್ನು ಪ್ಯಾರಾದಿಂದ ಹೊರತೆಗೆದು ಬೇರೆ ಕಡೆ ಇಟ್ಟರೆ ನಾಲ್ಕು ದಿನದ ಮೇಲೆ ಅದಕ್ಕೆ ಅರ್ಥವೇ ಇರುವುದಿಲ್ಲ. “ಹೋದ ವರ್ಷದ ಸುಣ್ಣ ಈ ಸಲದ ಔಷಧಿಗೆ ನಡೆಯುತ್ತೋ ಇಲ್ವೋ” ಎಂದು ಅಲ್ಲಿಯೇ ತುಂಬಿಸಬೇಕು. ದಿನಾಂಕಕ್ಕೂ ಇದೇ ಮಾತು. ‘ಸೋಮವಾರ’ ಎಂದರೆ ಟಿಪ್ಪಣಿ ಹೇಳಿದ ದಿನದಿಂದ ಮುಂದಿನ ಸೋಮವಾರ, ಅಂದರೆ ಮೇ 19. ವಿಂಗಡಿಸಲು ಸೋಮವಾರವೇ ಕೂತು ಆ ದಿನದಿಂದ ಎಣಿಸಿದರೆ ಅದು ಒಂದು ವಾರ ಮುಂದಕ್ಕೆ ಹೋಗಿ ಅಮ್ಮನ ಕಣ್ಣಿನ ತಪಾಸಣೆ ತಪ್ಪಿಹೋಗುತ್ತದೆ. ಆದ್ದರಿಂದ ಟಿಪ್ಪಣಿಯ ತಲೆಯ ಮೇಲೆ ಅದು ಹೇಳಿದ ದಿನಾಂಕ ಇರಲೇಬೇಕು. ಕಡತದ ಹೆಸರಿನಲ್ಲೇ ಅದು ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಯಂತ್ರ ಮಾಡಿದ ತಪ್ಪುಗಳು. ಎಲ್ಲ ತಪ್ಪುಗಳೂ ಅಪಾಯದವಲ್ಲ. ಕಾಗುಣಿತ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ತಾನಾಗಿಯೇ ಸರಿಹೋಗುತ್ತದೆ. ಸರಿಯಾದ ಪದದಂತೆಯೇ ಕಾಣುವ ತಪ್ಪಿಗೆ ಹೆದರಬೇಕು. ಮೇಲಿನ ಪಠ್ಯದಲ್ಲಿ “ನಾಳೆನೂ ಬೇಕು” ಎಂದಿದೆ. ಮೈಲುತುತ್ತು ನಾಳೆಯೂ ಬೇಕು ಎಂದು ಓದಿಕೊಂಡು ಹೋಗಬಹುದು. ಆದರೆ ಇವತ್ತು ಬೇಕು ಎಂದು ಎಲ್ಲೂ ಹೇಳದವರು ‘ನಾಳೆಯೂ’ ಎಂದು ಏಕೆ ಹೇಳುತ್ತಾರೆ? ಅನುಮಾನ ಬಂದ ಮೇಲೆ ಧ್ವನಿ ಕೇಳಿದರೆ ಅದು “ರಾಳನೂ ಬೇಕು”. ಮಳೆಗೆ ಔಷಧಿ ತೊಳೆದುಹೋಗದಂತೆ ಅಡಿಕೆಗೊನೆಗೆ ಅಂಟಿಸುವ ರಾಳ. ಒಂದು ಸಾಮಾನು ತಾರೀಖಾಗಿ ಕೂತುಬಿಟ್ಟಿತ್ತು.

“ಇಪ್ಪತ್ತು ಐದು” ಎಂಬುದು ಇಪ್ಪತ್ತೈದೇ ಅಥವಾ ಮತ್ತೇನಾದರೂ ಇದೆಯೇ ಎಂಬುದನ್ನು ಲೆಕ್ಕ ಹಾಕಿಯೂ ನೋಡಬಹುದು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. 200 ಲೀಟರಿನ ಡ್ರಮ್ಮಿಗೆ 2 ಕೆಜಿ. ಕೆಳಗಿನ ತೋಟವೊಂದಕ್ಕೇ ಹೋದ ವರ್ಷ 10 ಡ್ರಮ್ ಆಗಿತ್ತೆಂದರೆ 20 ಕೆಜಿ, ಅದಕ್ಕೇ ಮೊದಲು “ಇಪ್ಪತ್ತು ಕೇಜಿ ಸಾಕು” ಎಂದಿದ್ದು. ಮೇಲಿನ ತೋಟ ಸಣ್ಣದು, ಎರಡೂವರೆ ಡ್ರಮ್ ಸೇರಿದರೆ 25 ಸರಿಯಾಗುತ್ತದೆ. ಹೀಗೆ ಸಂಖ್ಯೆ, ಹೆಸರು, ತಾರೀಖು ಈ ಮೂರು ಬಂದ ಕಡೆ ಮತ್ತು ಅನುಮಾನ ಹುಟ್ಟಿದ ಕಡೆ ಮಾತ್ರ ಧ್ವನಿಗೆ ಹಿಂತಿರುಗಿದರೆ ಸಾಕು. ಇಡೀ ಟಿಪ್ಪಣಿಯನ್ನು ಮತ್ತೆ ಕೇಳುವ ಅಗತ್ಯ ಬೀಳುವುದಿಲ್ಲ.

ಮೂರನೆಯ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು. “ಸೊಸೈಟಿಗೆ ಬಂದಿದೆ” ಎಂದು ಯಂತ್ರ ಬರೆದಿದೆ. ಭಾವ ಹೇಳಿದ್ದು “ಬಂದಿದೆಯಾ”. ಹೌದು–ಅಲ್ಲ ಎಂಬ ಉತ್ತರದ ಪ್ರಶ್ನೆ ಕನ್ನಡದಲ್ಲಿ ಕೊನೆಯ ಒಂದು ಸ್ವರದ ಮೇಲೆ ನಿಂತಿರುತ್ತದೆ. ಗಾಳಿಯ ಸದ್ದಿಗೋ, ಕಾಲಡಿಯ ತರಗೆಲೆಯ ಸದ್ದಿಗೋ ಆ ಸ್ವರ ಮುಳುಗಿದರೆ ಪ್ರಶ್ನೆ ಹೋಗಿ ಹೇಳಿಕೆ ಉಳಿಯುತ್ತದೆ. ಗೊತ್ತಿಲ್ಲದ ಸಂಗತಿ ಗೊತ್ತಿರುವ ಸಂಗತಿಯಾಗಿ ಬದಲಾಗುತ್ತದೆ. ಸೊಸೈಟಿಯಲ್ಲಿ ಮಾಲು ಇದೆಯೆಂದು ನಂಬಿ ಔಷಧಿ ಹೊಡೆಯುವ ಹಿಂದಿನ ದಿನ ಜೀಪು ತಗೊಂಡು ಹೋದರೆ ಏನಾಗುತ್ತದೆ ಎಂಬುದನ್ನು ಬೆಳೆಗಾರರಿಗೆ ಹೇಳಬೇಕಿಲ್ಲ. ಕಂಡುಹಿಡಿಯುವ ದಾರಿ ಒಂದೇ: ಬೇರೆ ಊರಿನ, ಬೇರೆ ಜಾಗದ ಸಂಗತಿಯನ್ನು ತೋಟದಲ್ಲಿ ನಿಂತವರು ಖಚಿತವಾಗಿ ಹೇಳಿದಂತೆ ಕಂಡರೆ ಅದನ್ನು ನಂಬಬಾರದು. ಅವರಿಗೆ ಆ ಕ್ಷಣದಲ್ಲಿ ಅದು ಹೇಗೆ ಗೊತ್ತಾಯಿತು ಎಂದು ಕೇಳಿಕೊಳ್ಳಬೇಕು. ಇದಕ್ಕೆ ತಿರುವುಮುರುವಾದದ್ದೂ ಇದೆ. ‘ಅಲ್ವಾ’, ‘ಆಯ್ತಾ’, ‘ಗೊತ್ತಾಯ್ತಾ’ ಎಂಬವು ಪ್ರಶ್ನೆಯ ರೂಪದಲ್ಲಿದ್ದರೂ ಪ್ರಶ್ನೆಗಳಲ್ಲ. ಅವನ್ನೆಲ್ಲ ಪ್ರಶ್ನೆಯ ರಾಶಿಗೆ ಹಾಕುವ ಹೊಸಬರನ್ನು ಕಂಡಿದ್ದೇನೆ.

ಈಗ ವಿಂಗಡಣೆಗೆ ಬರೋಣ. ಇಲ್ಲಿ ಜನ ಎಡವುವುದು ‘ಬೇಕು’ ಎಂಬ ಒಂದು ಕೊನೆಯಲ್ಲಿ. ಈ ಟಿಪ್ಪಣಿಯಲ್ಲಿ ಬಿಡಿಸ್ಬೇಕು, ಹೊಡೆಸ್ಬೇಕು, ಹಾಕ್ಬೇಕು, ನೋಡ್ಬೇಕು, ತೋರಿಸ್ಬೇಕು, ತಗೊಂಡು ಹೋಗ್ಬೇಕು ಎಂದು ಸಾಲಾಗಿ ಬಂದಿವೆ. ರೂಪ ನೋಡಿ ವಿಂಗಡಿಸಿದರೆ ಎಲ್ಲವೂ ಕೆಲಸವೇ. ಆದರೆ ಕೆಲಸ, ಪ್ರಶ್ನೆ, ನೆನಪು, ಐಡಿಯಾ ಎಂಬ ನಾಲ್ಕು ರಾಶಿಯಲ್ಲಿ ಮೂರಕ್ಕೆ ಇವು ಹಂಚಿಹೋಗುತ್ತವೆ.

ಕೆಲಸ ಎಂದು ಕರೆಯಲು ನನ್ನ ಅಳತೆ ಇಷ್ಟು: ಇವತ್ತೇ ಶುರು ಮಾಡಲು ಏನೂ ಅಡ್ಡಿ ಇರಬಾರದು, ಮತ್ತು ಮುಗಿದ ಮೇಲೆ “ಆಯ್ತು” ಎಂದು ಹೇಳಲು ಬರಬೇಕು. “ಕೊಳೆ ಔಷಧಿ ಹೊಡೆಸ್ಬೇಕು” ಎಂಬುದು ಈ ಅಳತೆಗೆ ನಿಲ್ಲುವುದಿಲ್ಲ. ಭಾವ ಹೊಡೀಬೇಕು ಎಂದಿಲ್ಲ, ಹೊಡೆಸ್ಬೇಕು ಎಂದಿದ್ದಾರೆ. ಮರ ಹತ್ತುವವನು ಕೊನೆಗಾರ. ಅವನು ಬರುವ ದಿನ ಗೊತ್ತಾಗದೆ ಭಾವನ ಕೈಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಹಾಗಾದರೆ ಇವತ್ತಿನ ಕೆಲಸ ಯಾವುದು? ಮುಂದಿನ ತುಣುಕಿನಲ್ಲೇ ಅಡಗಿದೆ: “ಬರ್ತೀನಿ ಅಂದಿದ್ದ, ಯಾವತ್ತು ಅಂತ ಹೇಳ್ಲಿಲ್ಲ.” ಕೇಳುವಾಗ ಅದು ದೂರಿನಂತೆ ಇತ್ತು, ವಿಂಗಡಿಸುವಾಗ ಅದೇ ಮೊದಲ ಕೆಲಸ: ಕೊನೆಗಾರನಿಗೆ ಫೋನ್ ಮಾಡಿ ದಿನ ಗೊತ್ತು ಮಾಡುವುದು. ಡೇವಿಡ್ ಅಲೆನ್ 2001ರಲ್ಲಿ ಪ್ರಕಟಿಸಿದ ‘ಗೆಟಿಂಗ್ ಥಿಂಗ್ಸ್ ಡನ್’ ಪುಸ್ತಕದಲ್ಲಿ ‘ಮುಂದಿನ ಹೆಜ್ಜೆ ಯಾವುದು’ ಎಂದು ಮತ್ತೆ ಮತ್ತೆ ಕೇಳಿಸುವುದು ಇದನ್ನೇ. ಬಿಡಿಸು, ಹೊಡೆಸು, ಮಾಡಿಸು ಎಂದು ‘ಇಸು’ ಸೇರಿದ ಕ್ರಿಯಾಪದ ಕಂಡರೆ ಸಾಮಾನ್ಯವಾಗಿ ಅದರ ಹಿಂದೆ ಇನ್ನೊಬ್ಬ ಮನುಷ್ಯ ಇದ್ದಾನೆ, ಅವನಿಗೆ ಹೇಳುವುದೇ ನಿಮ್ಮ ಕೆಲಸ. ಬಸಿಗಾಲುವೆಯದ್ದೂ ಹೀಗೆಯೇ, ಆಳಿಗೆ ಹೇಳಿ ಬಿಡಿಸುವುದು.

“ಮಳೆ ಹಿಡಿಯೋದ್ರೊಳಗೆ” ಎಂಬ ಮಾತನ್ನು ಎಲ್ಲಿಡಬೇಕು? ಮಳೆಯ ಹೆಸರು ಬಂದ ಕೂಡಲೇ ಅದನ್ನು ನೆನಪಿನ ರಾಶಿಗೆ ಹಾಕುವ ಆಸೆ ಬರುತ್ತದೆ. ಅದು ತಪ್ಪು. ‘ಒಳಗೆ’, ‘ಮುಂಚೆ’ ಎಂದು ಬಂದರೆ ಅದು ಕೆಲಸಕ್ಕೆ ಹಾಕಿದ ಗಡುವು, ಕೆಲಸದ ಪಕ್ಕದಲ್ಲೇ ಇರಬೇಕು. ‘ಮೇಲೆ’, ‘ದಿನ’, ‘ಆಗ’ ಎಂದು ಬಂದರೆ ಅದು ನೆನಪು. ಮಳೆ ಹಿಡಿದಾಗ ‘ಮಳೆ ಹಿಡಿಯುವ ಮುಂಚೆ ಕಾಲುವೆ ಬಿಡಿಸಬೇಕಿತ್ತು’ ಎಂದು ಯಾರಾದರೂ ನೆನಪಿಸಿದರೆ ಪ್ರಯೋಜನವೇನು?

ಗಡುವನ್ನು ತಾರೀಖಿಗೆ ಇಳಿಸುವಾಗಲೂ ಎಚ್ಚರ ಬೇಕು. ಮಲೆನಾಡಿನ ಲೆಕ್ಕದಲ್ಲಿ ಮಳೆ ಹಿಡಿಯುವುದೆಂದರೆ ಸಾಮಾನ್ಯವಾಗಿ ಮೃಗಶಿರ, ಅಂದರೆ ಜೂನ್ 7–8. ಹಾಗೆಂದು ‘ಜೂನ್ 7ರೊಳಗೆ’ ಎಂದು ಬರೆದಿಟ್ಟರೆ ಏನಾಗುತ್ತಿತ್ತು ನೋಡಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಹವಾಮಾನ ಇಲಾಖೆ ಮೇ 27ರ ಆಸುಪಾಸು ಎಂದಿತ್ತು, ಬಂದದ್ದು ಮೇ 24ಕ್ಕೆ. ರೋಹಿಣಿ ಕಾಲಿಡುವ ಹೊತ್ತಿಗೇ ಮುಂಗಾರು ನಮ್ಮ ಕರಾವಳಿಗೂ ಬಂದಿತ್ತು. ಜೂನ್ 7 ನಂಬಿ ಕೂತ ತೋಟದಲ್ಲಿ ಕಾಲುವೆಯೂ ಮುಚ್ಚಿರುತ್ತಿತ್ತು, ಔಷಧಿಯೂ ಆಗಿರುತ್ತಿರಲಿಲ್ಲ. ಒದ್ದೆ ಗೊನೆಗೆ ಔಷಧಿ ಹಿಡಿಯುವುದಿಲ್ಲ, ಬಿಸಿಲು ಬಿಡುವವರೆಗೆ ಕಾಯಬೇಕು, ಅಷ್ಟರಲ್ಲಿ ಕೊಳೆ ಹಿಡಿದಿರುತ್ತದೆ. ಮಾತಾಡಿದವರು ಮಳೆ ಎಂದಿದ್ದರೆ ವಿಂಗಡಿಸುವವರು ಮಳೆ ಎಂದೇ ಇಡಬೇಕು. ಪಕ್ಕದಲ್ಲಿ ಬೇಕಾದರೆ ‘ಹವಾಮಾನ ವರದಿ ನೋಡುತ್ತಿರಬೇಕು’ ಎಂದು ಸೇರಿಸಬಹುದು.

ನೆನಪು ಎಂಬ ರಾಶಿಗೆ ಒಂದು ಲಕ್ಷಣ ಇದೆ. ಆ ಹೊತ್ತು ಬರುವವರೆಗೆ ಅದರ ಬಗ್ಗೆ ಮಾಡಬೇಕಾದದ್ದು ಏನೂ ಇರುವುದಿಲ್ಲ, ಹೊತ್ತು ಕಳೆದ ಮೇಲೆ ಅದು ನಿಷ್ಪ್ರಯೋಜಕ. ನೆನಪಿನ ಅಧ್ಯಯನ ಮಾಡಿದ ಮನಃಶಾಸ್ತ್ರಜ್ಞರಾದ ಐನ್‌ಸ್ಟೈನ್ ಮತ್ತು ಮೆಕ್‌ಡೇನಿಯಲ್ 1990ರಲ್ಲಿ ಮುಂದಿನದನ್ನು ನೆನಪಿಡುವ ಬಗೆಯನ್ನು ಎರಡಾಗಿ ನೋಡಿದರು. ಗಡಿಯಾರಕ್ಕೆ ಕಟ್ಟಿದ್ದು ಒಂದು, ಘಟನೆಗೆ ಕಟ್ಟಿದ್ದು ಇನ್ನೊಂದು. ಭಾವನ ಟಿಪ್ಪಣಿಯಲ್ಲಿ ಎರಡೂ ಇವೆ. ಸೋಮವಾರದ ಕಣ್ಣಿನ ತಪಾಸಣೆ ಗಡಿಯಾರದ್ದು, ಮೊಬೈಲಿನಲ್ಲಿ ಅಲಾರಂ ಇಟ್ಟರೆ ಮುಗಿಯಿತು. ಹಳೇ ಚೀಟಿ ಹಾಗಲ್ಲ. ಅದು ಬೇಕಾಗುವುದು ಮನೆ ಬಾಗಿಲು ದಾಟುವ ಹೊತ್ತಿಗೆ. ‘ಸೋಮವಾರ: ಚೀಟಿ’ ಎಂದು ಬರೆದು ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಅಲಾರಂ ಹೊಡೆದರೆ ಹೋದ ಸಲದಂತೆಯೇ ಮತ್ತೆ ಬೈಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಇಲ್ಲಿ ಬರೆಯಬೇಕಾದದ್ದು ‘ಹೊರಡುವಾಗ’ ಎಂದು. ಅದಕ್ಕಿಂತ ಒಳ್ಳೆಯದು ಭಾನುವಾರ ರಾತ್ರಿಯೇ ಚೀಟಿಯನ್ನು ಅಮ್ಮನ ಚೀಲಕ್ಕೆ ಹಾಕಿಬಿಡುವುದು. ಹಾಗೆ ಮಾಡಿದರೆ ನೆನಪಿಡುವುದೇ ಬೇಕಾಗುವುದಿಲ್ಲ. ನೆನಪನ್ನು ಕೆಲಸವಾಗಿ ಬದಲಿಸಲು ಸಾಧ್ಯವಾದ ಕಡೆಯೆಲ್ಲ ಬದಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

“ಔಷಧಿ ಆಗಿ ನಲವತ್ತು ದಿವ್ಸಕ್ಕೆ ಎರಡನೇದು” ಎಂಬುದು ಎರಡೂ ಬಗೆ ಕೂಡಿದ್ದು. ತಾರೀಖು ಇನ್ನೂ ಇಲ್ಲ, ಏಕೆಂದರೆ ಮೊದಲನೆಯದೇ ಆಗಿಲ್ಲ. ಊಹೆಯ ತಾರೀಖು ಹಾಕುವ ಬದಲು ಹೀಗೆ ಬರೆಯಬೇಕು: ಮೊದಲ ಔಷಧಿ ಮುಗಿದ ಸಂಜೆ, ಕ್ಯಾಲೆಂಡರಿನಲ್ಲಿ 40 ದಿನ ಎಣಿಸಿ ಗುರುತು ಹಾಕುವುದು. ಕೊನೆಗಾರ ಬಂದು ಮೇ 22ಕ್ಕೆ ಮುಗಿದರೆ ಗುರುತು ಜುಲೈ 1ಕ್ಕೆ ಬೀಳುತ್ತದೆ. ಅವನು ನಾಲ್ಕು ದಿನ ತಡ ಮಾಡಿದರೆ ಗುರುತೂ ತಾನಾಗಿ ನಾಲ್ಕು ದಿನ ಸರಿಯುತ್ತದೆ. “ಮೊದಲ ಮಳೆ ಬಿದ್ದ ದಿನ ಬಂದು ನೋಡ್ಬೇಕು” ಎಂಬುದು ಶುದ್ಧವಾಗಿ ಘಟನೆಗೆ ಕಟ್ಟಿದ ನೆನಪು, ಅದಕ್ಕೆ ಯಾವ ತಾರೀಖನ್ನೂ ಹಾಕಬಾರದು.

ಪ್ರಶ್ನೆಗಳ ರಾಶಿಯನ್ನು ಬೇರೆ ಇಡುವುದು ಏಕೆ ಎಂದು ಕೆಲವರು ಕೇಳುತ್ತಾರೆ. ‘ಕೇಳಬೇಕು’ ಎಂದರೆ ಅದೂ ಒಂದು ಕೆಲಸವೇ ಅಲ್ಲವೇ ಎಂಬುದು ಅವರ ವಾದ. ವ್ಯತ್ಯಾಸ ಇದೆ. ಕೆಲಸ ನನ್ನ ಕೈಯಿಂದ ಮುಗಿಯುತ್ತದೆ, ಪ್ರಶ್ನೆ ಬೇರೆಯವರ ತಲೆಯಿಂದ ಮುಗಿಯುತ್ತದೆ. ಅದಕ್ಕೆ ಪ್ರತಿಯೊಂದು ಪ್ರಶ್ನೆಯ ಮುಂದೆ ಯಾರನ್ನು ಕೇಳಬೇಕು ಎಂದು ಬರೆಯಲೇಬೇಕು. ಬರೆದ ಮೇಲೆ ಒಬ್ಬರನ್ನೇ ಕೇಳುವ ಪ್ರಶ್ನೆಗಳೆಲ್ಲ ಒಟ್ಟಿಗೆ ಬರುತ್ತವೆ, ಒಂದು ಫೋನಿನಲ್ಲಿ ಮುಗಿಯುತ್ತವೆ. ಸೊಸೈಟಿಗೆ ಫೋನ್ ಮಾಡಿದಾಗ ಮೈಲುತುತ್ತು ಬಂದಿದೆಯಾ ಎಂಬುದರ ಜೊತೆಗೇ ರಾಳ ಇದೆಯಾ, ಹೊಸ ಸುಣ್ಣ ಇದೆಯಾ ಎಂದೂ ಕೇಳಬಹುದು.

ಯಾವ ಪ್ರಶ್ನೆ ಯಾವ ಕೆಲಸವನ್ನು ತಡೆಹಿಡಿದಿದೆ ಎಂಬುದನ್ನೂ ಗುರುತಿಸಬೇಕು. ಹಳೇ ಸುಣ್ಣದ ಪ್ರಶ್ನೆಯನ್ನೇ ನೋಡಿ. ಮಾತಿನ ನಡುವೆ ಅದು ಗೊಣಗಿದಂತೆ ಬಂದಿದೆ, ಹಗುರವಾಗಿ ದಾಟಿ ಹೋಗಬಹುದಿತ್ತು. ಆದರೆ ಇಡೀ ಟಿಪ್ಪಣಿಯಲ್ಲಿ ಅತ್ಯಂತ ತೂಕದ ಸಾಲು ಅದೇ. ಗಾಳಿಗೆ ತೆರೆದುಕೊಂಡು ವರ್ಷ ಕಳೆದ ಸುಣ್ಣ ಸತ್ವ ಕಳೆದುಕೊಂಡಿರುತ್ತದೆ. ಅಂಥ ಸುಣ್ಣ ಅಳತೆಗೆ ಸರಿಯಾಗಿ ಹಾಕಿದರೂ ದ್ರಾವಣದಲ್ಲಿ ತಾಮ್ರ ಬಿಡಿಯಾಗಿ ಉಳಿದು ಎಳೆ ಕಾಯನ್ನು ಸುಡುತ್ತದೆ. ಇದನ್ನು ಪರೀಕ್ಷಿಸುವ ಹಳೇ ವಿಧಾನ ಎಲ್ಲ ಬೆಳೆಗಾರರಿಗೂ ಗೊತ್ತು. ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಸುಣ್ಣದ ಪ್ರಶ್ನೆಗೆ ಉತ್ತರ ಸಿಗದೆ ಡ್ರಮ್ಮಿಗೆ ಕೈ ಹಾಕಬಾರದು. ಆದ್ದರಿಂದ ‘ಹೋದ ವರ್ಷದ ಸುಣ್ಣ ನಡೆಯುತ್ತಾ?’ ಎಂಬುದರ ಮುಂದೆ ‘ಔಷಧಿ ಕಲಸುವ ಮೊದಲು’ ಎಂದು ಬರೆಯುತ್ತೇನೆ. ಹಾಗೆ ತಡೆಹಿಡಿಯದ ಪ್ರಶ್ನೆಗಳೂ ಇರುತ್ತವೆ, ಅವು ಕೆಳಗೆ ಇದ್ದರೆ ತೊಂದರೆಯಿಲ್ಲ.

ಐಡಿಯಾ ಎಂಬುದು ಕಾಯಿಸಿದರೆ ಹಾಳಾಗದ ತುಣುಕು. “ಇಲ್ಲಿ ಅಡಿಕೆ ತೆಗೆದು ಬೇರೆ ಏನಾದ್ರೂ ಹಾಕ್ಬೇಕು, ಜಾಯಿಕಾಯಿ ಹಾಕಿದ್ರೆ ಹೇಗೆ, ನೋಡೋಣ.” ‘ಹಾಕ್ಬೇಕು’ ಎಂಬುದನ್ನು ನಂಬಿ ಇದನ್ನು ಕೆಲಸದ ಪಟ್ಟಿಗೆ ಸೇರಿಸಿದರೆ ಅದು ಅಲ್ಲಿ ವರ್ಷಗಟ್ಟಲೆ ಕೂತು ಪಟ್ಟಿಯ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ. ದಿನಾ ನೋಡುವ ಪಟ್ಟಿಯಲ್ಲಿ ದಿನಾ ಮಾಡದ ಸಾಲು ಇದ್ದರೆ ಕಣ್ಣು ಅದನ್ನು ದಾಟಲು ಕಲಿಯುತ್ತದೆ, ಆಮೇಲೆ ಪಕ್ಕದ ಸಾಲನ್ನೂ ದಾಟುತ್ತದೆ. ‘ನೋಡೋಣ’ ಎಂಬ ಒಂದು ಪದ ಇಲ್ಲಿ ತೀರ್ಪು ಕೊಟ್ಟಿದೆ. ವಿಂಗಡಿಸುವಾಗ ‘ನೋಡೋಣ’, ‘ಬಹುಶಃ’, ‘ಹೇಗೆ’ ಎಂಬವನ್ನು ತೆಗೆದು ‘ಮೂಲೆಯಲ್ಲಿ ಜಾಯಿಕಾಯಿ ಹಾಕುವುದು’ ಎಂದು ಬಿಗಿ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಅನುಮಾನದಲ್ಲಿ ಹೇಳಿದ್ದು ನಿರ್ಧಾರವಾಗಿ ಕೂರುತ್ತದೆ. ಐಡಿಯಾವನ್ನು ಹೇಳಿದವರ ಮಾತಿನಲ್ಲೇ, ಅನುಮಾನ ಸಮೇತ ಇಡಬೇಕು. ಉಳಿದ ಮೂರು ರಾಶಿಯಲ್ಲಿ ಬರವಣಿಗೆ ತಿದ್ದಬಹುದು, ಇಲ್ಲಿ ಮಾತ್ರ ಕೈ ಹಾಕಬಾರದು.

ಈ ಐಡಿಯಾದೊಳಗೆ ಒಂದು ಪ್ರಶ್ನೆಯೂ ಇದೆ. ಪ್ರತಿ ವರ್ಷ ಕೊಳೆ ಬರುವ ಮೂಲೆ ಅದು, ನೀರು ನಿಲ್ಲುವ ಜಾಗವಾಗಿದ್ದರೆ ಅಲ್ಲಿ ಜಾಯಿಕಾಯಿ ಆಗುತ್ತದೆಯೇ? ಹಾಗಾದರೆ ಮೊದಲ ಮಳೆಯ ದಿನ ಬಂದು ನೋಡಬೇಕು ಎಂದು ಭಾವ ಹೇಳಿದ್ದು ಈ ಯೋಚನೆಗೇ ಸಂಬಂಧಪಟ್ಟದ್ದು. ನೀರು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾದ ಮೇಲೆ ಈ ಐಡಿಯಾ ಬದುಕುತ್ತದೋ ಬಿಡುತ್ತದೋ ತಿಳಿಯುತ್ತದೆ. ಬೇರೆ ಬೇರೆ ರಾಶಿಗೆ ಹೋದ ತುಣುಕುಗಳ ನಡುವೆ ಇಂಥ ಕೊಂಡಿ ಇದ್ದರೆ ಎರಡೂ ಕಡೆ ಒಂದೇ ಅಂಕೆ ಹಾಕಿಟ್ಟರೆ ಸಾಕು.

ಇಷ್ಟೂ ಆದ ಮೇಲೆ ಭಾವನ ಟಿಪ್ಪಣಿ ಹೀಗೆ ನಿಂತಿತು:

ಕೆಲಸ
ಕೊನೆಗಾರನಿಗೆ ಫೋನ್ ಮಾಡಿ ದಿನ ಗೊತ್ತು ಮಾಡುವುದು. ಇವತ್ತು ಸಂಜೆ.
ಕೆಳಗಿನ ತೋಟದ ಬಸಿಗಾಲುವೆ ಬಿಡಿಸಲು ಆಳಿಗೆ ಹೇಳುವುದು. ಮಳೆ ಹಿಡಿಯುವುದರೊಳಗೆ ಆಗಬೇಕು.
ಮೈಲುತುತ್ತು 25 ಕೆಜಿ, ರಾಳ ತರುವುದು. ಮೊದಲು ಸೊಸೈಟಿಗೆ ಕೇಳಿ.
ಭಾನುವಾರ ರಾತ್ರಿ ಹಳೇ ಚೀಟಿ ಅಮ್ಮನ ಚೀಲಕ್ಕೆ.

ಪ್ರಶ್ನೆ
ಸೊಸೈಟಿಗೆ: ಮೈಲುತುತ್ತು ಬಂದಿದೆಯಾ? ರಾಳ, ಹೊಸ ಸುಣ್ಣ ಇದೆಯಾ?
ಕೊನೆಗಾರನಿಗೆ: ಹೋದ ವರ್ಷದ ಸುಣ್ಣ ನಡೆಯುತ್ತಾ? ಔಷಧಿ ಕಲಸುವ ಮೊದಲು.
ಅನುಭವ ಇರುವ ಬೆಳೆಗಾರರಿಗೆ: ನೀರು ನಿಲ್ಲುವ ಮೂಲೆಗೆ ಜಾಯಿಕಾಯಿ ಆಗುತ್ತಾ? (1)

ನೆನಪು
ಸೋಮವಾರ, ಮೇ 19: ಅಮ್ಮನ ಕಣ್ಣಿನ ತಪಾಸಣೆ.
ಮೊದಲ ಔಷಧಿ ಮುಗಿದ ಸಂಜೆ: 40 ದಿನ ಎಣಿಸಿ ಎರಡನೆಯದಕ್ಕೆ ಗುರುತು.
ಮೊದಲ ಮಳೆ ಬಿದ್ದ ದಿನ: ಮೂಲೆಗೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ನೋಡುವುದು. (1)

ಐಡಿಯಾ
“ಇಲ್ಲಿ ಅಡಿಕೆ ತೆಗೆದು ಬೇರೆ ಏನಾದ್ರೂ ಹಾಕ್ಬೇಕು, ಜಾಯಿಕಾಯಿ ಹಾಕಿದ್ರೆ ಹೇಗೆ, ನೋಡೋಣ.” (1)

ವಿಂಗಡಣೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ನಾನು ಎರಡು ಕಡೆಯಿಂದ ಓದುತ್ತೇನೆ. ಮೊದಲು ರಾಶಿಗಳ ಕಡೆಯಿಂದ: ಪ್ರತಿ ಕೆಲಸಕ್ಕೂ “ಆಯ್ತು” ಎಂದು ಹೇಳಲು ಬರುತ್ತದೆಯೇ, ಪ್ರತಿ ಪ್ರಶ್ನೆಗೂ ಯಾರನ್ನು ಎಂಬುದಿದೆಯೇ, ಪ್ರತಿ ನೆನಪಿಗೂ ಯಾವಾಗ ಎಂಬುದಿದೆಯೇ. ಐಡಿಯಾಕ್ಕೆ ಈ ಮೂರರಲ್ಲಿ ಯಾವುದೂ ಇರಬಾರದು. ಇದ್ದರೆ ಅದು ತಪ್ಪು ರಾಶಿಯಲ್ಲಿ ಕೂತಿದೆ. ಆಮೇಲೆ ಮೂಲ ಪಠ್ಯದ ಕಡೆಯಿಂದ: ಬಳಸಿಕೊಂಡ ತುಣುಕುಗಳ ಮೇಲೆ ಗೆರೆ ಎಳೆಯುತ್ತಾ ಬಂದು ಕೊನೆಗೆ ಏನು ಉಳಿದಿದೆ ಎಂದು ನೋಡುತ್ತೇನೆ. ಈ ಎರಡನೆಯ ಓದನ್ನು ಬಹಳ ಜನ ಬಿಡುತ್ತಾರೆ, ತುಣುಕುಗಳು ಕಳೆದುಹೋಗುವುದು ಅಲ್ಲಿಯೇ.

ಯಾವ ರಾಶಿಗೂ ಸೇರದೆ ಇಲ್ಲಿ ಉಳಿದದ್ದು ಮುಖ್ಯವಾಗಿ ಒಂದೇ: “ಅಪ್ಪ ಇದ್ದಾಗ ಈ ನೀರು ಹಳ್ಳದ ಕಡೆಗೆ ಹೋಗ್ತಿತ್ತು.” ಹಳೆಯ ದಿನದ ಮಾತು, ಬಿಟ್ಟುಬಿಡಬಹುದು ಅನಿಸುತ್ತದೆ. ಟಿಪ್ಪಣಿಗಳಲ್ಲಿ ಇಂಥದ್ದು ಬೇಕಾದಷ್ಟು ಇರುತ್ತದೆ, ಹೆಚ್ಚಿನದನ್ನು ಹಾಗೆಯೇ ಬಿಡುವುದೇ ಸರಿ. ಎಲ್ಲವನ್ನೂ ನಾಲ್ಕರೊಳಗೆ ತುರುಕುವ ಹಟದಿಂದಲೇ ರಾಶಿಗಳು ಕೆಡುತ್ತವೆ. ಆದರೆ ಬಿಡುವ ಮೊದಲು ಪ್ರತಿಯೊಂದಕ್ಕೂ ಒಂದು ಮಾತು ಕೇಳಬೇಕು: ಪಟ್ಟಿಯಲ್ಲಿರುವ ಯಾವುದಾದರೂ ಕೆಲಸ ಮಾಡುವವನಿಗೆ ಇದು ಗೊತ್ತಿರಬೇಕಾಗಿತ್ತೇ? ಕಾಲುವೆ ಬಿಡಿಸಲು ಬರುವ ಆಳಿಗೆ ಖಂಡಿತ ಬೇಕು. ಹೂಳು ತೆಗೆದು ಎಲ್ಲೋ ಒಂದು ಕಡೆ ನೀರು ಹರಿಸಿದರೆ ಕಾಲುವೆ ಬಿಡಿಸಿದಂತೆ ಕಾಣುತ್ತದೆ, ನೀರು ಮಾತ್ರ ಮತ್ತೆ ಅದೇ ಮೂಲೆಗೆ ಬರುತ್ತದೆ. ಹಳೆಯ ದಾರಿ ಹಳ್ಳದ ಕಡೆಗೆ ಇತ್ತು ಎಂಬುದು ಆ ಕೆಲಸಕ್ಕೆ ಬೇಕಾದ ಒಂದೇ ಮಾಹಿತಿ. ನಾನು ಅದನ್ನು ಕಾಲುವೆಯ ಸಾಲಿನ ಕೆಳಗೆ ಸೇರಿಸಿ ಕಳಿಸಿದೆ.

“ಇದನ್ನ ನಾನು ಹೇಳಿದ್ದೇ ಮರೆತಿದ್ದೆ ಮಾರಾಯ,” ಎಂದು ಭಾವ ಫೋನಿನಲ್ಲಿ ಹೇಳಿದರು. “ಆಳಿಗೆ ಆ ಕಡೆಯಿಂದಲೇ ಶುರು ಮಾಡು ಅಂತ ಹೇಳ್ತೀನಿ.”

ಮೂಲ ಧ್ವನಿ ಕಡತವನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ಅವರೇ ಕೇಳಿದರು. ಕೆಲಸ ಮತ್ತು ನೆನಪಿನ ರಾಶಿಗಳಲ್ಲಿ ಕೊನೆಯ ಸಾಲು ಮುಗಿಯುವವರೆಗೆ ಎಂದೆ. ಅವರ ಲೆಕ್ಕದಲ್ಲಿ ಅದು ಎರಡನೇ ಔಷಧಿ ಆಗುವವರೆಗೆ. ಅಷ್ಟರೊಳಗೆ ಸಂಖ್ಯೆಯೋ ಹೆಸರೋ ಅನುಮಾನ ಬಂದರೆ ಹಿಂತಿರುಗಲು ಬೇರೆ ಜಾಗ ಇರುವುದಿಲ್ಲ. ಆಮೇಲೆ ಅಳಿಸಬಹುದು. ಐಡಿಯಾದ ಸಾಲು ಮಾತ್ರ ಅದರ ತಾರೀಖಿನ ಸಮೇತ ಬೇರೆ ಪುಸ್ತಕಕ್ಕೆ ಹೋಗುತ್ತದೆ, ಮುಂದಿನ ಬೇಸಿಗೆಯಲ್ಲಿ ಸಸಿ ತರುವ ಯೋಚನೆ ಬಂದಾಗ ಅದನ್ನು ತೆರೆದು ನೋಡಿದರೆ ಸಾಕು.